ವೆಬ್‌ಸೈಟ್ ಪದೇ ಪದೇ ಬೀಳುತ್ತಿದ್ದರೆ: ಹೋಸ್ಟಿಂಗ್ ಕಂಪನಿಗೆ ಪರಿಹಾರ ಕೇಳಿ ಪತ್ರ ಬರೆಯುವುದು ಹೇಗೆ

ಕಳೆದ ವರ್ಷ ಮೇ 17ರ ಸಂಜೆ. ಶ್ರೀನಿವಾಸಪುರದ ತೋಟದಿಂದ ಬಂದ ಬಾದಾಮಿ ಮಾವಿನ ಹಣ್ಣಿನ ಕ್ರೇಟುಗಳನ್ನು ಕೋಲಾರದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಇಳಿಸಿಕೊಳ್ಳುತ್ತಿದ್ದೆ. ಬೆಂಗಳೂರಿನ ಗ್ರಾಹಕರೊಬ್ಬರ ಮೆಸೇಜ್ ಬಂತು: "ಅಣ್ಣ, ನಿಮ್ಮ ಪೇಜ್ ಓಪನ್ನೇ ಆಗ್ತಿಲ್ಲ, ಆರ್ಡರ್ ಎಲ್ಲಿ ಹಾಕ್ಲಿ?" ಎಂಟು ದಿನದ ಹಿಂದೆಯೂ ಹೀಗೇ ಆಗಿತ್ತು. ಈ ಸಲ ಸೈಟ್ ಮತ್ತೆ ಎದ್ದಿದ್ದು ರಾತ್ರಿ 10.50ಕ್ಕೆ.

ನಾವು ಮೂರು ಕೆಜಿ ಡಬ್ಬಿಯಲ್ಲಿ ಮಾವು ಮಾರುತ್ತೇವೆ. ಆರ್ಡರ್ ಬರುವುದು ಜಾಸ್ತಿ ರಾತ್ರಿ ಊಟದ ಹೊತ್ತಿಗೆ. ಹನ್ನೊಂದಕ್ಕೆ ಲೆಕ್ಕ ಮುಚ್ಚಿ, ಬೆಳಿಗ್ಗೆ ಅಷ್ಟು ಡಬ್ಬಿ ಕಟ್ಟುತ್ತೇವೆ. ವರ್ಷದ ವ್ಯಾಪಾರ ಎರಡು ತಿಂಗಳಲ್ಲಿ ಮುಗಿಯುತ್ತದೆ. ಅಂಥ ಹೊತ್ತಲ್ಲಿ ಸೈಟ್ ಬಿದ್ದರೆ ಹೊಟ್ಟೆ ಉರಿಯುತ್ತದೆ. ಆ ಉರಿಯಲ್ಲೇ ನಾನು ಮೊದಲ ಪತ್ರ ಬರೆದೆ. ಅದನ್ನು ಕಳಿಸದೆ ಇದ್ದಿದ್ದು ಒಳ್ಳೆಯದಾಯಿತು. ಕೊನೆಗೆ ಕಳಿಸಿದ ಪತ್ರ, ಅದರ ಹಿಂದಿನ ಲೆಕ್ಕ, ಅದಕ್ಕೆ ಬಂದ ಉತ್ತರ ಎಲ್ಲವನ್ನೂ ಇಲ್ಲಿ ಇಡುತ್ತಿದ್ದೇನೆ. ನಿಮ್ಮದು ಗಾಣದ ಎಣ್ಣೆಯೋ, ಸೀರೆಯೋ, ನರ್ಸರಿ ಗಿಡವೋ ಇರಬಹುದು. ದಾರಿ ಇದೇ.

## ಮೊದಲು: ತಪ್ಪು ನಿಜವಾಗಿ ಅವರದ್ದೇನಾ?

ಸೈಟ್ ತೆರೆಯದೆ ಇರುವುದಕ್ಕೆ ಹತ್ತು ಕಾರಣ ಇರುತ್ತವೆ. ಅದರಲ್ಲಿ ಅರ್ಧ ನಮ್ಮ ಕಡೆಯವು. ನಮ್ಮ ತಪ್ಪನ್ನೂ ಅವರ ಲೆಕ್ಕಕ್ಕೆ ಸೇರಿಸಿದರೆ, ಅವರು ಅದೊಂದನ್ನೇ ಹಿಡಿದು ಪತ್ರವನ್ನೆಲ್ಲ ತಳ್ಳಿಹಾಕುತ್ತಾರೆ. ಹಾಗಾಗಿ ಸೈಟ್ ಬಿದ್ದ ತಕ್ಷಣ ಮಾಡಬೇಕಾದ ಕೆಲಸ ಇದು.

ಮನೆಯ ವೈಫೈ ಬಿಟ್ಟು ಮೊಬೈಲ್ ಡೇಟಾದಲ್ಲಿ ಸೈಟ್ ತೆರೆದು ನೋಡಿ. ಬೇರೆ ಊರಿನ ಒಬ್ಬರಿಗೆ ಫೋನ್ ಮಾಡಿ ಅವರ ಹತ್ತಿರವೂ ತೆರೆಸಿ. ಎಲ್ಲೂ ತೆರೆಯದಿದ್ದರೆ ಕಂಪ್ಯೂಟರಿನಲ್ಲಿ ಕಮಾಂಡ್ ಕಿಟಕಿ ತೆಗೆದು ಈ ಸಾಲು ಹೊಡೆಯಿರಿ. `example.com` ಇರುವಲ್ಲಿ ನಿಮ್ಮ ವಿಳಾಸ ಹಾಕಿ.

```
curl -I -m 15 https://example.com
```

ಇದು ಹದಿನೈದು ಸೆಕೆಂಡ್ ಕಾದು, ಸರ್ವರ್ ಏನು ಹೇಳಿತು ಎಂದು ತೋರಿಸುತ್ತದೆ. ಮೊದಲ ಸಾಲಿನಲ್ಲಿ `502`, `503` ಅಥವಾ `504` ಬಂದರೆ ತೊಂದರೆ ಸಾಮಾನ್ಯವಾಗಿ ಸರ್ವರ್ ಕಡೆಯದು. `curl: (28)` ಎಂದರೆ ಹದಿನೈದು ಸೆಕೆಂಡ್ ಕಾದರೂ ಉತ್ತರವೇ ಬರಲಿಲ್ಲ. ಅದೂ ಬಹುಪಾಲು ಅವರ ಕಡೆಯದೇ.

ಆದರೆ `curl: (6)` ಬಂದರೆ ನಿಮ್ಮ ಡೊಮೈನ್ ಹೆಸರೇ ಸಿಗುತ್ತಿಲ್ಲ ಎಂದು ಅರ್ಥ. ಡೊಮೈನ್ ನವೀಕರಿಸಲು ಮರೆತಿದ್ದೀರಾ ನೋಡಿ. `curl: (60)` ಬಂದರೆ ಸರ್ಟಿಫಿಕೇಟ್ ತೊಂದರೆ, ಹೆಚ್ಚಾಗಿ ಅವಧಿ ಮುಗಿದಿರುತ್ತದೆ. `500` ಬಂದರೆ ಅವಸರ ಬೇಡ. ಹಿಂದಿನ ದಿನ ಯಾವುದಾದರೂ ಪ್ಲಗಿನ್ ಅಪ್‌ಡೇಟ್ ಮಾಡಿದ್ದರೆ ಅದರಿಂದಲೂ ಬರುತ್ತದೆ.

ಇನ್ನೊಂದು ಅಂಕಿ `508`. ನನಗೆ ಮೇ 13ರಂದು ನಲವತ್ತು ನಿಮಿಷ ಬಂದಿದ್ದು ಅದೇ. ಪರದೆ ಮೇಲೆ `Resource Limit Is Reached` ಎಂದು ಕಾಣುತ್ತದೆ. ಒಂದೇ ಸರ್ವರನ್ನು ಹಲವರು ಹಂಚಿಕೊಳ್ಳುವ ಶೇರ್ಡ್ ಹೋಸ್ಟಿಂಗಿನಲ್ಲಿ ನಿಮ್ಮ ಪ್ಲಾನಿಗೆ ಇಷ್ಟು ಮೆಮೊರಿ, ಇಷ್ಟು ಪ್ರೊಸೆಸರ್ ಎಂದು ಅಳೆದು ಕೊಟ್ಟಿರುತ್ತಾರೆ. ಜನ ಒಮ್ಮೆಲೇ ನುಗ್ಗಿ ಆ ಅಳತೆ ಮೀರಿದರೆ ಬಾಗಿಲು ಮುಚ್ಚುತ್ತದೆ. ಸರ್ವರ್ ಚೆನ್ನಾಗಿಯೇ ಇರುತ್ತದೆ. ಹೋಸ್ಟಿಂಗ್ ನಿಭಾಯಿಸುವ ಸಿಪ್ಯಾನೆಲ್ ಪುಟದ ಒಳಗೆ `Resource Usage` ಎಂಬಲ್ಲಿ ಆ ದಿನದ ಗ್ರಾಫ್ ಸಿಗಬಹುದು. ನನ್ನ ಗ್ರಾಫ್ ಮಿತಿಯ ಗೆರೆಗೆ ಹೋಗಿ ಅಂಟಿಕೊಂಡಿತ್ತು. ಆವತ್ತು ನಾನೇ ಜಾಹೀರಾತು ಜಾಸ್ತಿ ಮಾಡಿದ್ದೆ. ಅದು ನನ್ನ ಪ್ಲಾನ್ ಸಾಲದೆ ಆಗಿದ್ದು. ಆ ನಲವತ್ತು ನಿಮಿಷವನ್ನು ಪತ್ರದಿಂದ ತೆಗೆದೆ.

## ದಾಖಲೆ: ಸಮಯ, ಗುರುತು, ಟಿಕೆಟ್

"ನಿಮ್ಮ ಸೈಟ್ ಯಾವಾಗಲೂ ಬೀಳುತ್ತೆ" ಎಂಬ ಮಾತಿಗೆ ಬೆಲೆ ಇಲ್ಲ. "ಮೇ 9, ರಾತ್ರಿ 8.12ರಿಂದ 9.47, 95 ನಿಮಿಷ, ಕೋಡ್ 503, ದೂರಿನ ಟಿಕೆಟ್ ಸಂಖ್ಯೆ ಇಂಥದ್ದು" ಎಂದರೆ ಉತ್ತರ ಕೊಡಲೇಬೇಕು.

ಇದಕ್ಕೆ ನಾವು ರಾತ್ರಿಯೆಲ್ಲ ಕಾಯಬೇಕಾಗಿಲ್ಲ. ಸೈಟ್ ಎದ್ದಿದೆಯೇ ಎಂದು ಹೊರಗಿನಿಂದ ಐದು ನಿಮಿಷಕ್ಕೊಮ್ಮೆ ತಟ್ಟಿ ನೋಡುವ ಮಾನಿಟರಿಂಗ್ ಸೇವೆಗಳಿವೆ. ಮೇ 9ಕ್ಕೆ ಎರಡು ವಾರ ಮುಂಚೆ ಸುಮ್ನೆ ಇರಲಿ ಎಂದು ಒಂದನ್ನು ಹಾಕಿಕೊಂಡಿದ್ದೆ. ಅದೇ ನನ್ನನ್ನು ಉಳಿಸಿದ್ದು. ಈ ದಾಖಲೆಗೆ ಒಂದು ಮಿತಿ ಇದೆ. ಐದು ನಿಮಿಷಕ್ಕೊಮ್ಮೆ ನೋಡುವುದರಿಂದ ನಡುವೆ ಮೂರು ನಿಮಿಷ ಬಿದ್ದು ಎದ್ದರೆ ಅದಕ್ಕೆ ಗೊತ್ತಾಗುವುದಿಲ್ಲ. ಶುರು ಮತ್ತು ಕೊನೆಯ ಸಮಯ ಐದು ನಿಮಿಷದಷ್ಟು ಹಿಂದೆ ಮುಂದೆ ಇರಬಹುದು. ಪತ್ರದಲ್ಲಿ ಇದನ್ನು ನಾವೇ ಹೇಳಿಬಿಡಬೇಕು.

ತುಂಬಾ ಜನ ಎಡವುವುದು ಸಮಯದಲ್ಲಿ. ಮಾನಿಟರ್ ವರದಿ, ಸರ್ವರ್ ಲಾಗ್ ಬಹಳ ಸಲ ಯುಟಿಸಿ ಸಮಯ ತೋರಿಸುತ್ತವೆ. ನಮ್ಮ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ನನ್ನ ವರದಿಯಲ್ಲಿ ಇದ್ದಿದ್ದು 14:42. ಅದನ್ನೇ ನೋಡಿ "ಮಧ್ಯಾಹ್ನ 2.42" ಎಂದು ಬರೆದಿದ್ದರೆ, ಅವರು ತಮ್ಮ ಲಾಗ್ ತೆಗೆದು "ಆ ಹೊತ್ತಲ್ಲಿ ಸರ್ವರ್ ಸರಿಯಾಗೇ ಇತ್ತು" ಎಂದು ಹೇಳಿ ಟಿಕೆಟ್ ಮುಚ್ಚುತ್ತಿದ್ದರು. ಅದು ನಿಜಕ್ಕೂ ರಾತ್ರಿ 8.12. ಪ್ರತಿ ಸಮಯದ ಮುಂದೆ ಭಾರತೀಯ ಸಮಯವೋ ಯುಟಿಸಿಯೋ ಎಂದು ಬರೆಯಿರಿ.

ಎರಡನೆಯ ಸಾಕ್ಷಿ ಅವರ ಸರ್ವರಿನಲ್ಲೇ ಇರುತ್ತದೆ. ಸಿಪ್ಯಾನೆಲಿನ `Raw Access` ಎಂಬಲ್ಲಿ ನಿಮ್ಮ ಸೈಟಿಗೆ ಯಾರು ಯಾವ ಗಳಿಗೆಯಲ್ಲಿ ಬಂದರು ಎಂಬ ಪಟ್ಟಿ ಇದೆ. ವ್ಯಾಪಾರದ ಹೊತ್ತಲ್ಲಿ ನಿಮಿಷಕ್ಕೆ ಹತ್ತಾರು ಸಾಲು ಬೀಳುವ ಆ ಪಟ್ಟಿ ಸರ್ವರ್ ನಿಂತ ಕೂಡಲೇ ಖಾಲಿ. ನನ್ನದರಲ್ಲಿ ಮೇ 17ರಂದು ಸಂಜೆ 7.33ರ ಸಾಲು ಆದಮೇಲೆ ಮುಂದಿನ ಸಾಲೇ ರಾತ್ರಿ 10.48ರದ್ದು. ಅವರ ಯಂತ್ರವೇ ಬರೆದುಕೊಟ್ಟ ಸಾಕ್ಷಿ ಅದು, ಅಲ್ವಾ? ಅಲ್ಲೇ ಹಳೆಯ ಲಾಗ್ ಇಟ್ಟುಕೊಳ್ಳುವ ಆಯ್ಕೆಗೆ ಟಿಕ್ ಹಾಕಿಡಿ. ಇಲ್ಲದಿದ್ದರೆ ನಿಮಗೆ ಬೇಕಾದಾಗ ಅದು ಅಳಿಸಿಹೋಗಿರಬಹುದು.

ಸೈಟ್ ಬಿದ್ದಾಗಲೇ ಸಪೋರ್ಟ್ ಟಿಕೆಟ್ ಹಾಕಿ, ಎರಡೇ ಸಾಲಾದರೂ ಸರಿ. ಆಮೇಲೆ ಬರೆದ ದೂರಿಗಿಂತ ಆ ಗಳಿಗೆಯ ಟಿಕೆಟ್‌ಗೆ ತೂಕ ಜಾಸ್ತಿ. ಚಾಟ್‌ನಲ್ಲಿ ಮಾತಾಡಿದರೆ ಅದರ ಪ್ರತಿಯನ್ನು ಮೇಲ್ ಮಾಡಿಸಿಕೊಳ್ಳಿ. ನನ್ನ ಮೇ 17ರ ಚಾಟಿನಲ್ಲಿ ಅವರ ಹುಡುಗ "ಸರ್, ನಿಮ್ಮ ಸರ್ವರ್ ಮೇಲೆ ಲೋಡ್ ಜಾಸ್ತಿ ಆಗಿದೆ, ಬೇರೆಯವರ ಸೈಟುಗಳೂ ಬಿದ್ದಿವೆ" ಎಂದು ಬರೆದಿದ್ದ. ಆ ಒಂದು ಸಾಲು ಪತ್ರದಲ್ಲಿ ತುಂಬಾ ಕೆಲಸಕ್ಕೆ ಬಂತು.

## ಒಪ್ಪಂದದಲ್ಲಿ ಏನಿದೆ ಓದಿ

"99.9% ಅಪ್‌ಟೈಮ್" ಎಂದು ದೊಡ್ಡ ಅಕ್ಷರದಲ್ಲಿ ಹಾಕಿರುತ್ತಾರೆ. ಅದರ ಅರ್ಥ ನಿಮಿಷದಲ್ಲಿ ನೋಡಬೇಕು. 30 ದಿನದ ತಿಂಗಳಲ್ಲಿ 43,200 ನಿಮಿಷ. ಅದರ ಸಾವಿರದಲ್ಲೊಂದು ಪಾಲು, ಅಂದರೆ ಸುಮಾರು 43 ನಿಮಿಷ ಬಿದ್ದರೂ ಅವರು ಮಾತು ತಪ್ಪಿದಂತಲ್ಲ. 31 ದಿನದ ಮೇ ತಿಂಗಳಲ್ಲಿ 44,640 ನಿಮಿಷ, ಅವರಿಗೆ ಸಿಗುವ ರಿಯಾಯಿತಿ ಹತ್ತಿರ ಹತ್ತಿರ 45 ನಿಮಿಷ.

ಚಿಕ್ಕ ಅಕ್ಷರದಲ್ಲಿ ಇರುವುದೇ ಮುಖ್ಯ. ಅದನ್ನು ಸೇವೆಯ ಮಟ್ಟದ ಒಪ್ಪಂದ, ಎಸ್‌ಎಲ್‌ಎ ಎನ್ನುತ್ತಾರೆ. ಅದರಲ್ಲಿ ಮೂರು ವಿಷಯ ಹುಡುಕಿ.

ಒಂದು, ಯಾವುದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಮೊದಲೇ ತಿಳಿಸಿ ಮಾಡುವ ದುರಸ್ತಿ ಸಾಮಾನ್ಯವಾಗಿ ಹೊರಗಿರುತ್ತದೆ. ಮೇ 22ರ ಬೆಳಗಿನ ಜಾವ 3ರಿಂದ 4.15ರವರೆಗೆ ನನ್ನ ಸೈಟ್ ಬಂದ್ ಆಗಿತ್ತು. ಎರಡು ದಿನ ಮುಂಚೆಯೇ ಮೇಲ್ ಬಂದಿತ್ತು, ನಾನೇ ಓದಿರಲಿಲ್ಲ. ಆ 75 ನಿಮಿಷವನ್ನೂ ತೆಗೆದೆ.

ಎರಡು, ಎಷ್ಟು ದಿನದೊಳಗೆ ಕೇಳಬೇಕು. ನನ್ನ ಒಪ್ಪಂದದಲ್ಲಿ ಘಟನೆಯಾದ 30 ದಿನದೊಳಗೆ ಎಂದಿತ್ತು. ಇದು ಪ್ರತಿ ಘಟನೆಗೂ ಬೇರೆ ಬೇರೆ ಎಣಿಕೆ. ಮೇ 9ರದಕ್ಕೆ ಜೂನ್ 8 ಕೊನೆ. "ಸೀಸನ್ ಮುಗೀಲಿ, ಆಮೇಲೆ ಬರೆಯೋಣ" ಎಂದುಕೊಂಡಿದ್ದರೆ ಹಕ್ಕೇ ಹೋಗುತ್ತಿತ್ತು.

ಮೂರು, ಏನು ಕೊಡುತ್ತಾರೆ. ನನಗೆ ಹೀಗಿತ್ತು: 99.9ಕ್ಕಿಂತ ಕಡಿಮೆಯಾದರೆ ತಿಂಗಳ ಶುಲ್ಕದ 10%, 99.5ಕ್ಕಿಂತ ಕಡಿಮೆಯಾದರೆ 25%, 99ಕ್ಕಿಂತ ಕಡಿಮೆಯಾದರೆ 50%. ಅದರ ಕೆಳಗೇ ಇನ್ನೊಂದು ಸಾಲು: ಇದನ್ನು ಬಿಟ್ಟು ವ್ಯಾಪಾರದ ನಷ್ಟಕ್ಕೆ ಕಂಪನಿ ಹೊಣೆಯಲ್ಲ. ಇಂಥ ಸಾಲು ಬಹುತೇಕ ಎಲ್ಲ ಹೋಸ್ಟಿಂಗ್ ಒಪ್ಪಂದದಲ್ಲೂ ಇರುತ್ತದೆ. ಇದು ತಿಳಿಯದೆ ಲಕ್ಷಗಟ್ಟಲೆ ಕೇಳಿದರೆ ಒಂದೇ ಸಾಲಿನ ಉತ್ತರ ಬರುತ್ತದೆ.

ನನ್ನ ಲೆಕ್ಕ: ಮೇ 9ರಂದು 95 ನಿಮಿಷ, ಮೇ 17ರಂದು 195, ಮೇ 28ರಂದು ರಾತ್ರಿ 9.05ರಿಂದ 10.15ರವರೆಗೆ 70. ಒಟ್ಟು 360 ನಿಮಿಷ. 44,640ರಲ್ಲಿ 360 ಕಳೆದರೆ ಸೈಟ್ ಎದ್ದಿದ್ದು 99.19%. ಅಂದರೆ 25% ಸಾಲು. ನಾನು ಜನವರಿಯಲ್ಲಿ ಇಡೀ ವರ್ಷಕ್ಕೆ ₹12,000 ಕಟ್ಟಿದ್ದೆ, ಮೇಲೆ 18% ಜಿಎಸ್‌ಟಿ. ತಿಂಗಳಿಗೆ ₹1,000. ಅದರ ಕಾಲು ಭಾಗ ₹250.

ಹೌದು, ಆರು ಗಂಟೆ ವ್ಯಾಪಾರ ಹೋಗಿದ್ದಕ್ಕೆ ₹250. ಓದಿದಾಗ ನನಗೂ ಕೋಪ ಬಂತು.

## ನಷ್ಟವನ್ನು ಸರಿಯಾಗಿ ಅಳೆಯಿರಿ

ಮೊದಲ ಪತ್ರದಲ್ಲಿ ನಾನು ₹29,160 ಕೇಳಿದ್ದೆ. ಮಾಮೂಲಿ ರಾತ್ರಿಗಳಲ್ಲಿ ಗಂಟೆಗೆ ಸರಾಸರಿ 9 ಆರ್ಡರ್ ಬರುತ್ತಿತ್ತು. ಆರು ಗಂಟೆಗೆ 54, ಒಂದಕ್ಕೆ ₹540. ಕೋಲಾರದ ಕೋರ್ಟಿನಲ್ಲಿ ವಕೀಲರಾಗಿರುವ ಗೆಳೆಯರೊಬ್ಬರಿಗೆ ತೋರಿಸಿದೆ. ಅವರು ಪೆನ್ನು ತೆಗೆದು ಆ ಅಂಕಿಯ ಮೇಲೇ ಗೆರೆ ಎಳೆದರು. "ಹಣ್ಣು ನಿನ್ನ ಹತ್ರಾನೇ ಇತ್ತಲ್ಲಪ್ಪ. ಡಬ್ಬಿ ಖರ್ಚಾಗಿಲ್ಲ, ಕೊರಿಯರ್ ಕೊಟ್ಟಿಲ್ಲ. ಹೋಗಿದ್ದು ಲಾಭ ಮಾತ್ರ. ಅಷ್ಟೇ ಕೇಳು."

ಹಾಗೆ ಕೂತು ಮತ್ತೆ ಲೆಕ್ಕ ಹಾಕಿದೆವು. ಒಂದು ಡಬ್ಬಿಯಲ್ಲಿ ಹಣ್ಣಿಗೆ ₹270, ಡಬ್ಬಿ ಮತ್ತು ಹುಲ್ಲಿಗೆ ₹45, ಕೊರಿಯರಿಗೆ ₹110. ಉಳಿಯುವುದು ₹115. ಇನ್ನು 54 ಆರ್ಡರೂ ಹೋಗಿರಲಿಲ್ಲ. ಸೈಟ್ ಬಿದ್ದಾಗ ನನ್ನ ಹೆಂಡತಿ ವಾಟ್ಸಾಪ್ ಸ್ಟೇಟಸ್‌ನಲ್ಲಿ "ಇಲ್ಲೇ ಆರ್ಡರ್ ಕೊಡಿ" ಎಂದು ಹಾಕಿದ್ದಳು. ಹಾಗೆ ಬಂದವರು, ಮಾರನೆಯ ಬೆಳಿಗ್ಗೆ ಸೈಟಿಗೆ ವಾಪಸ್ ಬಂದವರು ಸೇರಿ 19. ಉಳಿದಿದ್ದು 35. ಅದನ್ನು ₹115ರಿಂದ ಗುಣಿಸಿದರೆ ₹4,025.

ಅಂಕಿ ಚಿಕ್ಕದಾಯಿತು, ಆದರೆ ಗಟ್ಟಿಯಾಯಿತು. ಇದರ ಹಿಂದೆ ಕಾನೂನಿನ ಮಾತೂ ಇದೆ. 1872ರ ಭಾರತೀಯ ಒಪ್ಪಂದ ಕಾಯ್ದೆಯ 73ನೇ ಸೆಕ್ಷನ್ ಪ್ರಕಾರ, ಮಾತು ತಪ್ಪಿದ್ದರಿಂದ ಸಹಜವಾಗಿ ಆಗುವ ನಷ್ಟ, ಇಲ್ಲವೇ ಒಪ್ಪಂದ ಮಾಡಿಕೊಳ್ಳುವಾಗಲೇ ಇಬ್ಬರಿಗೂ ಗೊತ್ತಿದ್ದ ನಷ್ಟವನ್ನು ಮಾತ್ರ ಕೇಳಬಹುದು. ದೂರದ, ಸುತ್ತಿ ಬಳಸಿ ಬರುವ ನಷ್ಟ ಸಿಗುವುದಿಲ್ಲ. ನಷ್ಟ ತಗ್ಗಿಸಿಕೊಳ್ಳಲು ನಮಗೆ ಏನು ದಾರಿ ಇತ್ತು ಎನ್ನುವುದನ್ನೂ ನೋಡುತ್ತಾರೆ. ಹಾಗಾಗಿ ವಾಟ್ಸಾಪಿನಲ್ಲಿ ಆರ್ಡರ್ ತೆಗೆದುಕೊಂಡಿದ್ದನ್ನು ಮುಚ್ಚಿಡಬೇಡಿ. ಅದು ನಿಮ್ಮ ಪರವಾಗಿಯೇ ನಿಲ್ಲುತ್ತದೆ.

ಜಾಹೀರಾತಿನ ಖರ್ಚನ್ನು ಬೇರೆಯಾಗಿ ತೋರಿಸಿ. ಸೈಟ್ ಬಿದ್ದಿದ್ದರೂ ಜಾಹೀರಾತು ಓಡುತ್ತಿತ್ತು, ಜನ ಒತ್ತುತ್ತಿದ್ದರು, ಹಣ ಕಡಿತವಾಗುತ್ತಿತ್ತು. ಜಾಹೀರಾತು ಖಾತೆಯಲ್ಲಿ ಗಂಟೆವಾರು ಖರ್ಚಿನ ವರದಿ ಸಿಗುತ್ತದೆ. ನನ್ನದು ಆ ಹೊತ್ತುಗಳಲ್ಲಿ ₹1,380. ಇದು ಊಹೆ ಅಲ್ಲ, ಬಿಲ್ ಇರುವ ಖರ್ಚು.

ಇಷ್ಟೆಲ್ಲ ಆದಮೇಲೆ ಒಂದು ವಿಷಯ ಹೇಳಬೇಕು. ಚಿಕ್ಕ ವ್ಯಾಪಾರಿಗೆ ನಿಜವಾಗಿ ಬೆಲೆಬಾಳುವ ಬೇಡಿಕೆ ನಷ್ಟದ ಹಣವಲ್ಲ. ಬಿಟ್ಟು ಹೋಗುವ ಹಕ್ಕು. ವರ್ಷದ ಹಣ ಮುಂಗಡ ಕಟ್ಟಿ ಸಿಕ್ಕಿಬಿದ್ದಿರುತ್ತೇವೆ. ಉಳಿದ ತಿಂಗಳ ಹಣ ವಾಪಸ್ ಕೊಡಿ ಎಂದು ಕೇಳುವುದು ನ್ಯಾಯ, ಅವರಿಗೆ ಒಪ್ಪಲೂ ಸುಲಭ. ಅದನ್ನು ಪತ್ರದಲ್ಲಿ ಹಿಂದೆ ಬಿಡಬೇಡಿ.

## ಕಳಿಸುವ ಮುಂಚೆ

ಪೂರ್ತಿ ಬ್ಯಾಕಪ್ ತೆಗೆದು ನಿಮ್ಮ ಕಂಪ್ಯೂಟರಿಗೆ ಇಳಿಸಿಕೊಳ್ಳಿ, ಡೇಟಾಬೇಸ್ ಸೇರಿಸಿ. ಡೊಮೈನ್ ಕೂಡ ಅದೇ ಕಂಪನಿಯಲ್ಲಿದ್ದರೆ ಅದು ನಿಮ್ಮ ಹೆಸರು, ನಿಮ್ಮ ಮೇಲ್ ವಿಳಾಸದಲ್ಲೇ ಇದೆಯಾ ನೋಡಿ, ವರ್ಗಾವಣೆಗೆ ಬೇಕಾದ ಕೋಡ್ ತೆಗೆದಿಟ್ಟುಕೊಳ್ಳಿ. ನಮ್ಮ ಕಡೆ ಸೈಟ್ ಮಾಡಿಕೊಟ್ಟ ಹುಡುಗನ ಹೆಸರಲ್ಲೇ ಡೊಮೈನ್ ಇರುವುದು ಮಾಮೂಲು. ಅದನ್ನು ಮೊದಲು ಸರಿಮಾಡಿಕೊಳ್ಳಿ.

## ಪತ್ರ

ಇದು ನಾನು ಜೂನ್ 2ರಂದು ಕಳಿಸಿದ್ದು. ಕಂಪನಿ ಹೊರರಾಜ್ಯದ್ದಾಗಿದ್ದರಿಂದ ಇದೇ ಕ್ರಮದಲ್ಲಿ ಇಂಗ್ಲಿಷಿನಲ್ಲಿ ಬರೆದೆ. ಇಲ್ಲಿ ಕನ್ನಡದಲ್ಲಿ ಕೊಟ್ಟಿದ್ದೇನೆ. ಮೇಲ್‌ನಲ್ಲೂ ಕಳಿಸಿದೆ, ಬಿಲ್ಲಿಂಗ್ ವಿಭಾಗದ ಟಿಕೆಟಿಗೂ ಹಾಕಿದೆ. ಬರೀ ತಾಂತ್ರಿಕ ಬೆಂಬಲಕ್ಕೆ ಕಳಿಸಿದರೆ ಹಣದ ಮಾತು ಯಾರೂ ಆಡುವುದಿಲ್ಲ.

> ವಿಷಯ: ಮೇ ತಿಂಗಳಲ್ಲಿ ಮೂರು ಸಲ, ಒಟ್ಟು 360 ನಿಮಿಷ ಸೇವೆ ನಿಂತಿದ್ದು, ಪರಿಹಾರ ಮತ್ತು ಉಳಿದ ಅವಧಿಯ ಹಣ ವಾಪಸ್ ಕೋರಿ
>
> ಮಾನ್ಯರೇ,
>
> ನಾನು ಕೋಲಾರದಿಂದ ಮಾವಿನ ಹಣ್ಣನ್ನು ಆನ್‌ಲೈನ್‌ನಲ್ಲಿ ಮಾರುವ ವ್ಯಾಪಾರಿ. ನನ್ನ ಗ್ರಾಹಕ ಸಂಖ್ಯೆ ಮತ್ತು ಡೊಮೈನ್ ಮೇಲೆ ಕೊಟ್ಟಿದ್ದೇನೆ. ಜನವರಿಯಿಂದ ಡಿಸೆಂಬರ್‌ವರೆಗೆ ₹12,000 ಮತ್ತು ಜಿಎಸ್‌ಟಿ ಕಟ್ಟಿದ್ದೇನೆ. ಬಿಲ್ ಲಗತ್ತಿಸಿದೆ.
>
> ಮೇ ತಿಂಗಳಲ್ಲಿ ನನ್ನ ಸೈಟ್ ಈ ಸಮಯಗಳಲ್ಲಿ ನಿಂತಿತ್ತು. ಎಲ್ಲವೂ ಭಾರತೀಯ ಸಮಯ.
>
> ಮೇ 9: ರಾತ್ರಿ 8.12ರಿಂದ 9.47, 95 ನಿಮಿಷ.
> ಮೇ 17: ಸಂಜೆ 7.35ರಿಂದ ರಾತ್ರಿ 10.50, 195 ನಿಮಿಷ.
> ಮೇ 28: ರಾತ್ರಿ 9.05ರಿಂದ 10.15, 70 ನಿಮಿಷ.
>
> ಮೂರಕ್ಕೂ ಟಿಕೆಟ್ ಸಂಖ್ಯೆ, ಮಾನಿಟರ್ ವರದಿ ಮತ್ತು ನಿಮ್ಮದೇ ಸರ್ವರಿನ ಲಾಗ್ ಲಗತ್ತಿಸಿದೆ. ಮಾನಿಟರ್ ಐದು ನಿಮಿಷಕ್ಕೊಮ್ಮೆ ನೋಡುತ್ತದೆ, ಆದ್ದರಿಂದ ಸಮಯ ಅಷ್ಟು ಹೆಚ್ಚು ಕಡಿಮೆ ಇರಬಹುದು. ನಿಮ್ಮ ಲಾಗ್ ಬೇರೆ ಹೇಳಿದರೆ ದಯವಿಟ್ಟು ಕಳಿಸಿ. ಮೇ 13ರ 508 ತೊಂದರೆ ನನ್ನ ಪ್ಲಾನಿನ ಮಿತಿಯಿಂದ ಆಗಿದ್ದು, ಮೇ 22ರದು ನೀವು ಮೊದಲೇ ತಿಳಿಸಿದ ದುರಸ್ತಿ. ಅವೆರಡನ್ನೂ ನಾನು ಸೇರಿಸಿಲ್ಲ.
>
> ಇದರಂತೆ ಮೇ ತಿಂಗಳ ಅಪ್‌ಟೈಮ್ 99.19%. ನೀವು ಕೊಟ್ಟ ಮಾತು 99.9%. ಮೇ 17ರಂದು ಸರ್ವರ್ ಮೇಲೆ ಲೋಡ್ ಜಾಸ್ತಿಯಾಗಿ ಬೇರೆ ಸೈಟುಗಳೂ ಬಿದ್ದಿದ್ದವು ಎಂದು ನಿಮ್ಮ ಸಿಬ್ಬಂದಿಯೇ ಚಾಟಿನಲ್ಲಿ ಬರೆದಿದ್ದಾರೆ.
>
> ನನ್ನ ಕೋರಿಕೆ ಹೀಗಿದೆ.
>
> 1. ಒಪ್ಪಂದದಂತೆ ಮೇ ತಿಂಗಳ ಶುಲ್ಕದ 25%, ₹250.
> 2. ಜೂನ್ 30ಕ್ಕೆ ಸೇವೆ ಮುಗಿಸಲು ಒಪ್ಪಿಗೆ, ಮತ್ತು ಜುಲೈಯಿಂದ ಡಿಸೆಂಬರ್‌ವರೆಗಿನ ಆರು ತಿಂಗಳ ₹6,000 ಹಾಗೂ ಅದರ ಜಿಎಸ್‌ಟಿ ₹1,080. ಹಣ ಬ್ಯಾಂಕ್ ಖಾತೆಗೆ, ಕ್ರೆಡಿಟ್ ನೋಟ್ ಸಹಿತ.
> 3. ಆ ಹೊತ್ತಿನಲ್ಲಿ ವ್ಯರ್ಥವಾದ ಜಾಹೀರಾತು ಖರ್ಚು ₹1,380. ವರದಿ ಲಗತ್ತಿಸಿದೆ.
> 4. ಕೈತಪ್ಪಿದ 35 ಆರ್ಡರುಗಳ ಲಾಭ ₹4,025. ಲೆಕ್ಕದ ಹಾಳೆ ಲಗತ್ತಿಸಿದೆ. ನಿಮ್ಮ ಷರತ್ತಿನಲ್ಲಿ ಹೊಣೆಯ ಮಿತಿ ಇರುವುದು ನನಗೆ ಗೊತ್ತಿದೆ. ಒಂದೇ ತಿಂಗಳಲ್ಲಿ ಮೂರು ಸಲ ಆಗಿರುವುದರಿಂದ ಇದನ್ನು ಪರಿಗಣಿಸಲು ಕೇಳುತ್ತಿದ್ದೇನೆ.
>
> ಮೂರೂ ಸಲ ಏನು ಕೆಟ್ಟಿತು, ಮತ್ತೆ ಆಗದಂತೆ ಏನು ಮಾಡಿದ್ದೀರಿ ಎಂಬುದನ್ನೂ ಬರಹದಲ್ಲಿ ತಿಳಿಸಿ. ಜೂನ್ 9ರೊಳಗೆ ಉತ್ತರ ಕೊಡಬೇಕೆಂದು ವಿನಂತಿ. ಬರದಿದ್ದರೆ ಇದೇ ಪತ್ರವನ್ನು ನಿಮ್ಮ ಕುಂದುಕೊರತೆ ಅಧಿಕಾರಿಗೆ ಕಳಿಸುತ್ತೇನೆ.
>
> ಇಂತಿ ನಿಮ್ಮ ಗ್ರಾಹಕ

ಎರಡು ಮಾತು ವಿವರಿಸಬೇಕು. ಹಣ ಬ್ಯಾಂಕಿಗೇ ಎಂದು ಬರೆದಿದ್ದು ಯಾಕೆಂದರೆ, ಇಲ್ಲದಿದ್ದರೆ ಅವರ ಸೈಟಿನ ವಾಲೆಟ್‌ಗೆ ಹಾಕುತ್ತಾರೆ. ಬಿಟ್ಟು ಹೋಗುವವನಿಗೆ ಆ ವಾಲೆಟ್ ಯಾಕೆ? ಜಿಎಸ್‌ಟಿ ಕೇಳಿದ್ದು ಯಾಕೆಂದರೆ, ತಾಜಾ ಮಾವಿನ ಹಣ್ಣಿಗೆ ಜಿಎಸ್‌ಟಿ ಇಲ್ಲ. ಹಾಗಾಗಿ ನನಗೆ ಇನ್‌ಪುಟ್ ಕ್ರೆಡಿಟ್ ಸಿಗುವುದಿಲ್ಲ, ಕಟ್ಟಿದ 18% ಪೂರ್ತಿ ನನ್ನ ಖರ್ಚು. ನೀವು ಕ್ರೆಡಿಟ್ ತೆಗೆದುಕೊಂಡಿದ್ದರೆ ಅದನ್ನು ವಾಪಸ್ ತೋರಿಸಬೇಕಾಗುತ್ತದೆ. ನಿಮ್ಮ ಲೆಕ್ಕಿಗರನ್ನು ಕೇಳಿ.

## ಕಳಿಸಿದ ಮೇಲೆ

ಎರಡೇ ದಿನಕ್ಕೆ ಉತ್ತರ ಬಂತು. ಕ್ಷಮೆ ಕೇಳಿ, ₹250 ವಾಲೆಟ್‌ಗೆ ಹಾಕಿದ್ದೇವೆ ಎಂದು ಟಿಕೆಟ್ ಮುಚ್ಚಿದ್ದರು. ಉಳಿದ ಮೂರು ಕೋರಿಕೆಗೆ ಒಂದು ಮಾತೂ ಇಲ್ಲ. ಟಿಕೆಟನ್ನು ಮತ್ತೆ ತೆರೆದು "2, 3, 4ಕ್ಕೆ ಉತ್ತರ ಬಂದಿಲ್ಲ" ಎಂದಷ್ಟೇ ಬರೆದೆ. ಜೂನ್ 9 ಕಳೆಯಿತು. ಮಾರನೆಯ ದಿನ ಕುಂದುಕೊರತೆ ಅಧಿಕಾರಿಗೆ ಕಳಿಸಿದೆ.

ಈ ಅಧಿಕಾರಿಯ ವಿಷಯ ಬಹಳ ವ್ಯಾಪಾರಿಗಳಿಗೆ ಗೊತ್ತಿಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯಲ್ಲಿ ವೆಬ್ ಹೋಸ್ಟಿಂಗ್ ಕೊಡುವವರನ್ನು ಮಧ್ಯವರ್ತಿ ಎಂದು ಹೆಸರಿಸಿಯೇ ಸೇರಿಸಿದ್ದಾರೆ. 2021ರ ನಿಯಮಗಳ ಪ್ರಕಾರ ಮಧ್ಯವರ್ತಿಯು ಕುಂದುಕೊರತೆ ಅಧಿಕಾರಿಯ ಹೆಸರು, ಸಂಪರ್ಕ ವಿವರವನ್ನು ತನ್ನ ವೆಬ್‌ಸೈಟಿನಲ್ಲಿ ಹಾಕಬೇಕು. ದೂರು ಬಂದಿದೆ ಎಂದು 24 ಗಂಟೆಯೊಳಗೆ ತಿಳಿಸಬೇಕು, ಇತ್ಯರ್ಥಕ್ಕೆ ಮೊದಲು 15 ದಿನ ಇತ್ತು, 2026ರ ಫೆಬ್ರವರಿಯಿಂದ 7 ದಿನ. ಆ ನಿಯಮ ಹೆಚ್ಚಾಗಿ ಆಕ್ಷೇಪಾರ್ಹ ವಿಷಯಗಳ ದೂರಿಗೆ ಬಳಕೆಯಾಗುತ್ತದೆ. ಆದರೆ ಅವರು ಒದಗಿಸುವ ಕಂಪ್ಯೂಟರ್ ಸಂಪನ್ಮೂಲದ ಬೇರೆ ವಿಷಯಗಳೂ ಅದರ ಮಾತಿನಲ್ಲಿ ಸೇರಿವೆ. ಸೈಟಿನ ಕೊನೆಯಲ್ಲಿ ಸಣ್ಣಕ್ಷರದ ಕೊಂಡಿಗಳಲ್ಲಿ ಈ ವಿವರ ಹುಡುಕಿ.

ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ ಎಂದು ಪತ್ರದಲ್ಲಿ ನಾನು ಹೆದರಿಸಿಲ್ಲ. ಕಾರಣ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ, ವ್ಯಾಪಾರದ ಉದ್ದೇಶಕ್ಕೆ ಸೇವೆ ಪಡೆದವರನ್ನು ಗ್ರಾಹಕರ ಪಟ್ಟಿಯಿಂದ ಹೊರಗಿಡುತ್ತದೆ. ಸ್ವಂತ ದುಡಿಮೆಯ ಜೀವನೋಪಾಯಕ್ಕೆ ಒಂದು ವಿನಾಯಿತಿ ಇದೆ. ಆದರೆ ಈಗಿನ ಕಾಯ್ದೆಯ ವಿವರಣೆಯಲ್ಲಿ ಅದು ಕೊಂಡ ಸರಕಿನ ಬಗ್ಗೆ ಹೇಳುತ್ತದೆ, ಹಳೆಯ ಕಾಯ್ದೆಯಂತೆ ಸೇವೆಯನ್ನು ಹೆಸರಿಸುವುದಿಲ್ಲ. ವಾದ ಮಾಡಬಹುದು, ಗೆಲುವು ಖಚಿತವಿಲ್ಲ. ಸಿವಿಲ್ ದಾವೆಗೆ ಮೂರು ವರ್ಷದ ಅವಧಿ ಇದೆ, ಆದರೆ ಒಪ್ಪಂದದಲ್ಲಿ ಬೇರೆ ಊರಿನ ಕೋರ್ಟ್ ಎಂದಿದ್ದರೆ ಓಡಾಟದ ಖರ್ಚೇ ಹಣಕ್ಕಿಂತ ಜಾಸ್ತಿ. ಹತ್ತು ಹನ್ನೆರಡು ಸಾವಿರದ ವಿಷಯಕ್ಕೆ ನಾನಂತೂ ಆ ದಾರಿ ಹಿಡಿಯುವುದಿಲ್ಲ. ನಷ್ಟ ಲಕ್ಷ ದಾಟಿದ್ದರೆ ವಕೀಲರ ಹತ್ತಿರ ಕೂತು ಮಾತಾಡಿ.

ಕುಂದುಕೊರತೆ ಅಧಿಕಾರಿಗೆ ಕಳಿಸಿದ ಹನ್ನೆರಡನೆಯ ದಿನ ಕಂಪನಿಯಿಂದ ಫೋನ್ ಬಂತು. ಆರು ತಿಂಗಳ ಹಣ ಜಿಎಸ್‌ಟಿ ಸಮೇತ ವಾಪಸ್, ₹250 ಕೂಡ ಬ್ಯಾಂಕಿಗೇ. ಜಾಹೀರಾತು ಮತ್ತು ಲಾಭಕ್ಕೆ ಹೊಣೆಯಿಲ್ಲ ಎಂದರು. ಆದರೆ ಸೌಜನ್ಯಕ್ಕಾಗಿ ಎರಡು ತಿಂಗಳ ಶುಲ್ಕದಷ್ಟು, ₹2,000 ಕೊಡುತ್ತೇವೆ ಎಂದರು. ನಾನು ಒಪ್ಪಿದೆ. ಫೋನಿನ ಮಾತನ್ನು ಆವತ್ತೇ ಮೇಲ್‌ನಲ್ಲಿ ಬರೆದು "ಹೀಗೆ ಒಪ್ಪಿದ್ದೇವೆ, ಸರಿಯೇ?" ಎಂದು ಖಚಿತ ಮಾಡಿಕೊಂಡೆ. ಅವರ ಉತ್ತರದಲ್ಲಿ "ಇದರೊಂದಿಗೆ ಎಲ್ಲ ಬಾಕಿ ಇತ್ಯರ್ಥ" ಎಂಬ ಸಾಲಿತ್ತು. ಅಂಥ ಸಾಲಿಗೆ ಒಪ್ಪಿದ ಮೇಲೆ ಮತ್ತೆ ಏನೂ ಕೇಳಲು ಬರುವುದಿಲ್ಲ. ಹಾಗಾಗಿ ಮೂರೂ ಮೊತ್ತ, ಹಣ ಬರುವ ದಿನ ಆ ಮೇಲ್‌ನಲ್ಲೇ ಇದೆಯೇ ಎಂದು ನೋಡಿಕೊಂಡೇ ಹೂಂ ಅಂದೆ.

ಜೂನ್ ಕೊನೆಯ ವಾರ ಸೈಟನ್ನು ಬೇರೆ ಕಂಪನಿಗೆ ಸಾಗಿಸಿದೆವು. ಈ ಸಲ ತಿಂಗಳು ತಿಂಗಳು ಕಟ್ಟುವ ಪ್ಲಾನ್, ಸ್ವಲ್ಪ ದುಬಾರಿ. ಹಣ ಕಟ್ಟುವ ಮುಂಚೆಯೇ ಅವರ ಮಾರಾಟ ವಿಭಾಗಕ್ಕೆ ಒಂದು ಮೇಲ್ ಹಾಕಿದೆ: "ನನ್ನ ವ್ಯಾಪಾರ ಮೇ, ಜೂನ್ ತಿಂಗಳಲ್ಲಿ, ರಾತ್ರಿ 7.30ರಿಂದ 11ರವರೆಗೆ ನಡೆಯುತ್ತದೆ. ಆಗ ಗಂಟೆಗೆ ಒಂಬತ್ತು ಹತ್ತು ಆರ್ಡರ್ ಬರುತ್ತವೆ. ಆ ಹೊತ್ತಲ್ಲಿ ಸೈಟ್ ನಿಂತರೆ ನನಗೆ ನೇರ ನಷ್ಟ. ಇದು ತಿಳಿದೇ ನೀವು ಸೇವೆ ಕೊಡುತ್ತಿದ್ದೀರಿ ಎಂದು ಖಚಿತಪಡಿಸಿ." ಮೊದಲ ಕಂಪನಿಗೆ ಇದನ್ನು ನಾನು ಹೇಳಿರಲಿಲ್ಲ. 73ನೇ ಸೆಕ್ಷನ್ ಹೇಳುವ "ಇಬ್ಬರಿಗೂ ಗೊತ್ತಿದ್ದ ನಷ್ಟ" ಇದರಿಂದ ಬರಹದಲ್ಲಿ ಉಳಿಯುತ್ತದೆ. "ತಿಳಿದಿದೆ" ಎಂದು ಅವರು ಕೊಟ್ಟ ಉತ್ತರವನ್ನು ಪ್ರಿಂಟ್ ತೆಗೆದು ಬಿಲ್ಲಿನ ಜೊತೆ ಪಿನ್ ಮಾಡಿಟ್ಟಿದ್ದೇನೆ.